ಚಕ್ಕೆ ಬಿದ್ದ ಸ್ಲ್ಯಾಬಿನ ಕೆಳಗೆ

ಮಲ್ಪೆಯಿಂದ ಸೇತುವೆ ದಾಟಿ ಪಡುಕೆರೆಗೆ ಇಳಿದು ತೆಂಕಕ್ಕೆ ಹೊರಟರೆ ಬಲಕ್ಕೆ ಕಡಲು, ಎಡಕ್ಕೆ ಹೊಳೆ. ನಡುವಿನ ಸಪೂರ ನೆಲದಲ್ಲಿ ತೆಂಗಿನ ಮರಗಳ ಸಂದಿಯಲ್ಲಿ ಮನೆಗಳು. ಹೆಂಚಿನ ಮಾಡಿನ ಹಳೆಯ ಮನೆಗಳು ಮಳೆ, ಗಾಳಿ, ಉಪ್ಪು ಎಲ್ಲವನ್ನೂ ತಿಂದು ಇನ್ನೂ ಗಟ್ಟಿಯಾಗಿವೆ. ತೊಂದರೆ ಇರುವುದು ಅವುಗಳ ನಂತರ ಬಂದ ತಾರಸಿ ಮನೆಗಳಿಗೆ. ಸಜ್ಜೆಯ ಅಡಿಯಲ್ಲಿ ಕಂದು ಗೆರೆ, ಗೆರೆಯ ಉದ್ದಕ್ಕೂ ಬಿರುಕು, ಅಲ್ಲಲ್ಲಿ ಕಾಂಕ್ರೀಟು ಉದುರಿ ಹೊರಬಿದ್ದ ಕಂಬಿ. ರಸ್ತೆಯಲ್ಲಿ ನಡೆಯುತ್ತಲೇ ಇದನ್ನೆಲ್ಲ ನೋಡಬಹುದು.

ನಾನು ಹೋದ ಮನೆ 1988ರದ್ದು. 2024ರ ಮಳೆಗಾಲ ಮುಗಿದ ಮೇಲೆ ದುರಸ್ತಿ ಶುರುವಾಗಿತ್ತು. ಮನೆಯೊಡತಿ ನಿವೃತ್ತ ಟೀಚರ್. ಊಟದ ಕೋಣೆಯ ಮೂಲೆಯಲ್ಲಿ ಬಿದ್ದ ಚಕ್ಕೆಗಳನ್ನು ಗುಡಿಸಿ ಬಿಸಾಡದೆ ಒಂದು ಬಕೆಟ್ಟಿನಲ್ಲಿ ತುಂಬಿಟ್ಟಿದ್ದರು. "ಮೂರು ಸಲ ಸಾರಣೆ ಮಾಡ್ಸಿಯಾಯ್ತು ಮಾರಾಯ್ರೆ. ಪ್ರತಿ ಸಲವೂ ಇನ್ನು ಬೀಳುವುದಿಲ್ಲ ಅಂತ ಹೇಳಿಯೇ ಹೋದದ್ದು," ಎಂದರು.

ಬಕೆಟ್ಟಿನಿಂದ ಅಂಗೈ ಅಗಲದ ಒಂದು ಚಕ್ಕೆ ಎತ್ತಿಕೊಂಡೆ. ಮನೆಯ ಚರಿತ್ರೆಯೆಲ್ಲ ಅದರ ಅಂಚಿನಲ್ಲಿತ್ತು. ಹೊರಮೈಯಲ್ಲಿ ಒಂದರ ಮೇಲೊಂದು ಬಳಿದ ಬಣ್ಣ, ಅದರ ಹಿಂದೆ ಬೇರೆ ಬೇರೆ ಛಾಯೆಯ ಸಿಮೆಂಟಿನ ಮೂರು ಪದರ, ಆಮೇಲೆ ನಿಜವಾದ ಕಾಂಕ್ರೀಟು. ಒಳಮೈಯಲ್ಲಿ ಕಂಬಿ ಕೂತಿದ್ದ ಅರ್ಧವೃತ್ತದ ತೋಡು. ತಿರುಚಿದ ಟಾರ್ ಕಂಬಿಯ ಏಣುಗಳ ಅಚ್ಚು ಅದರಲ್ಲಿ ಸ್ಪಷ್ಟವಾಗಿ ಮೂಡಿತ್ತು, ಬೆರಳು ತಾಗಿಸಿದರೆ ಕಂದು ಪುಡಿ ಅಂಟುತ್ತಿತ್ತು. ತೋಡಿನ ತಳದಿಂದ ಮೂಲ ಕಾಂಕ್ರೀಟಿನ ಹೊರಮೈವರೆಗೆ, ದುರಸ್ತಿ ನೋಡಿಕೊಳ್ಳುತ್ತಿದ್ದ ಎಂಜಿನಿಯರ್ ಸ್ಕೇಲ್ ಹಿಡಿದರು: 12 ಮಿ.ಮೀ. ಅಂದರೆ ಕಂಬಿಗೂ ಕೋಣೆಯ ಗಾಳಿಗೂ ನಡುವೆ ಇದ್ದದ್ದು ಅಷ್ಟೇ. ಆ ಕಾಲದ ಭಾರತೀಯ ಮಾನಕ ಸ್ಲ್ಯಾಬಿಗೆ ಕೇಳುತ್ತಿದ್ದದ್ದೇ 15 ಮಿ.ಮೀ. ಕವರ್. ಕಂಬಿಯ ಕೆಳಗೆ ಕವರ್ ಬ್ಲಾಕ್ ಬದಲು ಒಂದು ಜಲ್ಲಿಚೂರು ಸಿಕ್ಕಿಸಿ ಕಾಂಕ್ರೀಟು ಸುರಿಯುತ್ತಿದ್ದ ದಿನಗಳವು. ಯಾರಾದರೂ ಮೇಲೆ ಕಾಲಿಟ್ಟರೆ ಚೂರು ಜಾರುತ್ತದೆ, ಕಂಬಿ ಸೆಂಟ್ರಿಂಗ್ ಹಲಗೆಗೆ ತಾಗುತ್ತದೆ. ಈಗಿನ ಐ.ಎಸ್. 456 ಕಡಲ ಗಾಳಿಗೆ ನೇರ ಒಡ್ಡಿಕೊಂಡ ಕಾಂಕ್ರೀಟಿಗೆ 45 ಮಿ.ಮೀ. ಕೇಳುತ್ತದೆ.

ಕವರ್ ಕಡಿಮೆಯಾದರೆ ಏನಾಗುತ್ತದೆ ಎಂದು ತೋರಿಸಲು ಎಂಜಿನಿಯರ್ ಗಟ್ಟಿಯಾಗಿ ಉಳಿದಿದ್ದ ಒಂದು ಕಡೆ ಉಳಿಯಿಂದ ಸಣ್ಣ ಗುಂಡಿ ತೆಗೆದು, ಧೂಳು ಊದಿ, ಸ್ಪ್ರೇ ಬಾಟಲಿಯಿಂದ ಬಣ್ಣವಿಲ್ಲದ ದ್ರವ ಹೊಡೆದರು. ಅದು ಫಿನಾಲ್ಫ್ಥಲೀನ್. ಟೀಚರಿಗೆ ಹೆಸರು ಕೇಳಿದ್ದೇ ಗೊತ್ತಾಯಿತು, ಶಾಲೆಯ ಪ್ರಯೋಗಶಾಲೆಯಲ್ಲಿ ಮಕ್ಕಳಿಗೆ ತೋರಿಸಿದ್ದೇ. ಕ್ಷಾರವಿದ್ದರೆ ಕಡುಗುಲಾಬಿ, ಇಲ್ಲದಿದ್ದರೆ ಬಣ್ಣವಿಲ್ಲ. ಗುಂಡಿಯ ಆಳದಲ್ಲಿ ಮಾತ್ರ ಗುಲಾಬಿ ಬಂತು. ಹೊರಮೈಯಿಂದ 24 ಮಿ.ಮೀ.ವರೆಗೆ ಕಾಂಕ್ರೀಟು ಬೂದು ಬಣ್ಣದಲ್ಲೇ ಉಳಿಯಿತು.

ಹೊಸ ಕಾಂಕ್ರೀಟಿನ ಪಿ.ಎಚ್. 12.5ರ ಮೇಲಿರುತ್ತದೆ. ಅಷ್ಟು ಕ್ಷಾರದಲ್ಲಿ ಉಕ್ಕಿನ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ ಕಟ್ಟಿಕೊಳ್ಳುತ್ತದೆ. ಅದು ಇರುವವರೆಗೆ ಕಾಂಕ್ರೀಟು ಒದ್ದೆಯಾದರೂ ಕಂಬಿಗೆ ತುಕ್ಕಿಲ್ಲ. ಗಾಳಿಯ ಇಂಗಾಲದ ಡೈಆಕ್ಸೈಡ್ ಸೂಕ್ಷ್ಮ ರಂಧ್ರಗಳಿಂದ ಒಳಹೊಕ್ಕು ಸುಣ್ಣದ ಅಂಶದೊಂದಿಗೆ ಸೇರಿದಂತೆ ಕ್ಷಾರ ಇಳಿಯುತ್ತದೆ. ಪಿ.ಎಚ್. 9ಕ್ಕೆ ಬಂದಾಗ ಪೊರೆ ಹೋಗಿರುತ್ತದೆ. ಇದೇ ಕಾರ್ಬೊನೇಷನ್. ಒಳಹೊಗುವ ಆಳ ಕಾಲದ ವರ್ಗಮೂಲದ ಲೆಕ್ಕದಲ್ಲಿ ಬೆಳೆಯುತ್ತದೆ ಎನ್ನುವುದು ಗೊತ್ತಿದ್ದರೆ ಈ ಮನೆಯ ಜಾತಕವನ್ನು ಅಲ್ಲೇ ಬರೆಯಬಹುದು. ಮೂವತ್ತಾರು ವರ್ಷಕ್ಕೆ 24 ಮಿ.ಮೀ. ಎಂದರೆ 36ರ ವರ್ಗಮೂಲ 6, ಅದರ ನಾಲ್ಕು ಪಟ್ಟು. ಹಾಗಾದರೆ 12 ಮಿ.ಮೀ. ದಾಟಿದ್ದು ಒಂಬತ್ತನೇ ವರ್ಷದಲ್ಲಿ, ಅಂದರೆ 1997ರ ಸುಮಾರಿಗೆ. ಕವರ್ 20 ಮಿ.ಮೀ. ಇದ್ದಿದ್ದರೆ ಅದೇ ಕಾಂಕ್ರೀಟಿನಲ್ಲಿ ಇಪ್ಪತ್ತೈದು ವರ್ಷ ಸಿಗುತ್ತಿತ್ತು, 30 ಮಿ.ಮೀ. ಇದ್ದಿದ್ದರೆ ಐವತ್ತಾರು. ಒಂದು ಸೆಂಟಿಮೀಟರಿನ ಬೆಲೆ ಅಷ್ಟು.

ಕ್ಷಾರ ಹೋದ ಮಾತ್ರಕ್ಕೆ ತುಕ್ಕು ಹಿಡಿಯುವುದಿಲ್ಲ, ಅದಕ್ಕೆ ನೀರು ಬೇಕು. ನೀರು ಎಲ್ಲಿಂದ ಎಂದು ನೋಡಲು ತಾರಸಿ ಹತ್ತಿದೆವು. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ಸೀಮೆ ಇದು. ಇಲ್ಲಿನವರು ತಾರಸಿಯ ಮೇಲೆ ಮತ್ತೊಂದು ತಗಡಿನ ಮಾಡು ಹಾಕಿಸುವುದು ಸುಮ್ಮನಲ್ಲ. ಈ ಮನೆಗೆ ಅದಿರಲಿಲ್ಲ. ಮೇಲಿನ ಗಾರೆ ಸೀಳಿತ್ತು, ನೀರು ಹೋಗುವ ಪೈಪಿನ ಬಾಯಿಗೆ ತೆಂಗಿನ ಸಿಂಗಾರದ ಕಸ ಕಟ್ಟಿತ್ತು. ಊಟದ ಕೋಣೆಯ ಮೇಲೆ ಸರಿಯಾಗಿ ಒಂದು ತಗ್ಗು, ಅದರ ಸುತ್ತ ಪಾಚಿ ಒಣಗಿದ ಕಪ್ಪು ಉಂಗುರ. ಮೂರು ಸಲ ಸಾರಣೆ ಮಾಡಿದವರಲ್ಲಿ ಒಬ್ಬರೂ ಏಣಿ ಹತ್ತಿದಂತಿಲ್ಲ. ಮೊದಲು ಇಲ್ಲಿ ಗಾರೆ ಕಿತ್ತು, ಇಳಿಜಾರು ಸರಿಮಾಡಿ, ನೀರು ನಿಲ್ಲದಂತೆ ಮಾಡಿದ ಮೇಲೆಯೇ ಕೆಳಗಿನ ಕೆಲಸ ಎಂದು ಎಂಜಿನಿಯರ್ ಕರಾರು ಹಾಕಿದ್ದರು. ಸಾವಿರ ಲೀಟರಿನ ಟ್ಯಾಂಕೂ ಖಾಲಿಯಾಗಿತ್ತು. ಕೆಳಗೆ ಸ್ಲ್ಯಾಬನ್ನು ಕೆತ್ತುವಾಗ ಮೇಲೆ ಒಂದು ಟನ್ ಯಾಕೆ?

ಕೆಳಗೆ ಬರುವಷ್ಟರಲ್ಲಿ ಮೇಸ್ತ್ರಿ ಸುತ್ತಿಗೆ ಹಿಡಿದು ನಿಂತಿದ್ದರು. ಬಾದಾಮಿ ಕಡೆಯವರು, ಕರಾವಳಿಯಲ್ಲಿ ಕೆಲಸ ಮಾಡುತ್ತ ಹಳಬರಾದವರು. ಚಿಕ್ಕ ಸುತ್ತಿಗೆಯಿಂದ ಸೂರನ್ನು ಗೇಣಿಗೊಂದರಂತೆ ತಟ್ಟುತ್ತ ಹೋದರು. ಗಟ್ಟಿ ಇದ್ದಲ್ಲಿ ಸುತ್ತಿಗೆ ಟಣ್ ಎಂದು ಪುಟಿಯುತ್ತದೆ. "ಈಗ ಕೇಳ್ರಿ, ಇಲ್ಲಿ ಸದ್ದ ಬ್ಯಾರೆ ಐತಿ," ಎಂದು ಒಂದಡಿ ಸರಿದು ತಟ್ಟಿದಾಗ ಒಳಗೆ ನೀರಿಲ್ಲದ ತೆಂಗಿನಕಾಯಿಯಂತೆ ಬೊಳ್ಳು ಸದ್ದು. ಅಲ್ಲಿ ಬಣ್ಣಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಬೊಳ್ಳು ಬಂದಲ್ಲೆಲ್ಲ ಸೀಮೆಸುಣ್ಣದ ಗೆರೆ ಎಳೆಯುತ್ತ ಬಂದರು. ಉದುರಿದ್ದದ್ದು ಎರಡು ಕಡೆ, ಒಟ್ಟು ಒಂದು ಮೊರದಷ್ಟು ಜಾಗ. ಸೀಮೆಸುಣ್ಣದ ಗೆರೆ ಕೊನೆಗೆ ಕೋಣೆಯ ಅರ್ಧ ಸೂರನ್ನು ಸುತ್ತುವರಿಯಿತು.

ಹಿಂದಿನ ಮೂರು ದುರಸ್ತಿ ಸೋತದ್ದಕ್ಕೆ ಕಾರಣ ಆ ಗೆರೆಯಲ್ಲೇ ಇದೆ. ಅವರು ಬಿದ್ದ ಜಾಗಕ್ಕೆ ಮಾತ್ರ ಸಿಮೆಂಟು ಹಚ್ಚಿದ್ದರು. ತುಕ್ಕು ತಾನು ಹುಟ್ಟಿದ ಉಕ್ಕಿಗಿಂತ ಎರಡರಿಂದ ಆರು ಪಟ್ಟು ಜಾಗ ಕೇಳುತ್ತದೆ. ಆ ಒತ್ತಡಕ್ಕೆ ಕಂಬಿಯ ಉದ್ದಕ್ಕೂ ಕಾಂಕ್ರೀಟು ಸೀಳುತ್ತದೆ. ಕಂಬಿಗಳು ಹತ್ತಿರ ಹತ್ತಿರ ಇದ್ದರೆ ಸೀಳುಗಳು ಒಂದಕ್ಕೊಂದು ಕೂಡಿ ಇಡೀ ಪದರವೇ ಒಳಗೊಳಗೆ ಬಿಟ್ಟುಕೊಳ್ಳುತ್ತದೆ. ಅದು ಬೀಳುವುದು ಕೊನೆಗೆ. ಮನೆಯಲ್ಲಿ ಇದನ್ನು ಗುರುತಿಸಲು ಸುಲಭದ ಒಂದು ದಾರಿಯಿದೆ. ಸೂರಿನ ಬಿರುಕುಗಳು ನೇರವಾಗಿ, ಒಂದಕ್ಕೊಂದು ಸಮಾನಾಂತರವಾಗಿ, ಆರಾರು ಇಂಚಿಗೊಂದರಂತೆ ಓಡುತ್ತಿದ್ದರೆ ಕೆಳಗಿರುವುದು ಕಂಬಿ, ಆಗುತ್ತಿರುವುದು ತುಕ್ಕು. ದಿಕ್ಕುದೆಸೆಯಿಲ್ಲದ ಕೂದಲೆಳೆಯ ಬಿರುಕುಗಳು ಹೆಚ್ಚಿನ ಸಲ ಸಾರಣೆಯವು ಮಾತ್ರ.

ಕೆತ್ತುವ ಮೊದಲು ಕೋಣೆಯ ತುಂಬ ಕಬ್ಬಿಣದ ಪ್ರಾಪ್‌ಗಳು ನಿಂತವು. ಅವನ್ನು ಸ್ಲ್ಯಾಬಿಗೆ ಒತ್ತಿ ನಿಲ್ಲಿಸಬೇಕೇ ಹೊರತು ಜ್ಯಾಕ್ ತಿರುಗಿಸಿ ಸ್ಲ್ಯಾಬನ್ನೇ ಎತ್ತಬಾರದು, ಎತ್ತಿದರೆ ಮೇಲ್ಮೈಯಲ್ಲಿ ಹೊಸ ಬಿರುಕು ಹುಟ್ಟುತ್ತದೆ. ಇಡೀ ಅರ್ಧ ಸೂರನ್ನು ಒಮ್ಮೆಲೇ ಕೆತ್ತುವಂತೆಯೂ ಇಲ್ಲ. ಕಂಬಿ ಭಾರ ಹೊರುವುದು ಕಾಂಕ್ರೀಟು ಅದನ್ನು ಹಿಡಿದುಕೊಂಡಿರುವುದರಿಂದ. ಆ ಹಿಡಿತವನ್ನು ಎಲ್ಲೆಡೆ ಒಟ್ಟಿಗೆ ಬಿಡಿಸಿದರೆ ಸ್ಲ್ಯಾಬು ಪ್ರಾಪ್‌ಗಳ ಮೇಲೆಯೇ ಕೂತಂತಾಗುತ್ತದೆ. ಹಾಗಾಗಿ ಪಟ್ಟೆ ಪಟ್ಟೆಯಾಗಿ ಕೆಲಸ, ಒಂದು ಬಿಟ್ಟು ಒಂದು.

ಗೆರೆಯ ಅಂಚನ್ನು ಗ್ರೈಂಡರಿನಿಂದ ನೇರವಾಗಿ ಕೊಯ್ದರು, ಸುಮಾರು 10 ಮಿ.ಮೀ. ಆಳಕ್ಕೆ. ಅಂಚು ತೆಳುವಾಗುತ್ತ ಬಂದು ಮುಗಿದರೆ ಹೊಸ ಗಾರೆ ಅಲ್ಲಿ ಕಾಗದದಷ್ಟಾಗಿ ಮೊದಲು ಏಳುವುದೂ ಅಲ್ಲೇ. ಆದರೆ ಇಲ್ಲಿ ಒಂದು ಎಡವಟ್ಟಿದೆ. ಕೆಲವು ಕಡೆ ಕವರ್ 8 ಮಿ.ಮೀ. ಮಾತ್ರ, ಕಣ್ಣು ಮುಚ್ಚಿ 10 ಮಿ.ಮೀ. ಕೊಯ್ದರೆ ಬ್ಲೇಡು ಕಂಬಿಯನ್ನೇ ಕಚ್ಚುತ್ತದೆ. ಕವರ್ ಮೀಟರಿನಿಂದ ಮೊದಲೇ ಕಂಬಿ ಗುರುತಿಸಿ ಅಂಥಲ್ಲಿ ಐದೇ ಮಿ.ಮೀ. ಕೊಯ್ದರು. ಆಮೇಲೆ ಉಳಿ ಮತ್ತು ಕೈಯಲ್ಲಿ ಹಿಡಿಯಬಹುದಾದ ಚಿಕ್ಕ ಬ್ರೇಕರ್. ರಸ್ತೆ ಒಡೆಯುವ ದೊಡ್ಡ ಬ್ರೇಕರ್ ತಂದರೆ ಕೆಲಸ ಬೇಗ ಮುಗಿಯುತ್ತದೆ, ಗಟ್ಟಿ ಇದ್ದ ಕಾಂಕ್ರೀಟೂ ಒಳಗೇ ಬಿರಿಯುತ್ತದೆ.

ಎಷ್ಟು ಕೆತ್ತಬೇಕು ಎನ್ನುವುದರಲ್ಲೇ ಜಗಳ ಹುಟ್ಟುವುದು. ಕಂಬಿಯ ಅರ್ಧ ಕಂಡ ಕೂಡಲೇ ನಿಲ್ಲಿಸಲು ಎಲ್ಲರಿಗೂ ಆಸೆ. ಆದರೆ ಕಂಬಿಯ ಬೆನ್ನಿಗೆ ಹಳೆಯ, ಕ್ಷಾರ ಸತ್ತ ಕಾಂಕ್ರೀಟು, ಹೊಟ್ಟೆಗೆ ಹೊಸ ಗಾರೆ ಎಂದಾದರೆ ಒಂದೇ ಕಂಬಿಯ ಎರಡು ಮಗ್ಗುಲು ಬೇರೆ ಬೇರೆಯಾಗಿ ವರ್ತಿಸುತ್ತವೆ, ಬೆನ್ನಿನಲ್ಲಿ ತುಕ್ಕು ಮುಂದುವರಿಯುತ್ತದೆ. ಕಂಬಿಯ ಹಿಂದೆ ಕನಿಷ್ಠ 20 ಮಿ.ಮೀ. ಖಾಲಿಯಾಗಬೇಕು. ಮೇಸ್ತ್ರಿಯ ಅಳತೆ ಸರಳ: ಬೆರಳು ಕಂಬಿಯ ಹಿಂದಿನಿಂದ ಹೋಗಿ ಆಚೆ ಬರಬೇಕು. ಉದ್ದಕ್ಕೆ ಎಲ್ಲಿಯವರೆಗೆ ಎಂದರೆ, ತುಕ್ಕು ಮುಗಿದು ಉಕ್ಕು ಸ್ವಚ್ಛ ಕಾಣುವವರೆಗೆ, ಅಲ್ಲಿಂದಲೂ ಎರಡು ಇಂಚು ಮುಂದೆ. ಕೋಣೆಯ ಉತ್ತರದ ಗೋಡೆಯ ಹತ್ತಿರ ಆ ಸ್ವಚ್ಛ ಉಕ್ಕು ಸಿಗಲೇ ಇಲ್ಲ. ಸೀಮೆಸುಣ್ಣದ ಗೆರೆ ದಾಟಿ ಇನ್ನೂ ಎರಡಡಿ ಹೋಗಬೇಕಾಯಿತು. ಇಂಥ ಕೆಲಸಕ್ಕೆ ಇಡಿಯಾಗಿ ಇಂತಿಷ್ಟು ಎಂದು ಗುತ್ತಿಗೆ ಮಾತಾಡಬಾರದು ಎನ್ನುವುದು ಇದಕ್ಕೇ. ಚದರಡಿ ಲೆಕ್ಕದಲ್ಲಿ ದರ ಮಾತಾಡಿ, ಕೆತ್ತಿದ ಮೇಲೆ ಅಳೆಯುವುದು ಇಬ್ಬರಿಗೂ ನ್ಯಾಯ.

ಬೆತ್ತಲಾದ ಕಂಬಿಗೆ ತಂತಿ ಬ್ರಶ್ ಹಾಕಿ ಉಜ್ಜಿದರೆ ಮುಂದಿನ ಮಗ್ಗುಲು ಹೊಳೆಯುತ್ತದೆ, ಹಿಂದಿನ ಮಗ್ಗುಲು ಹಾಗೇ ಇರುತ್ತದೆ. ಇಲ್ಲಿ ಮರಳು ಊದುವ ಯಂತ್ರ ತರಿಸಿದ್ದರು. ಕೋಣೆಗೆಲ್ಲ ಧೂಳು, ನಿಜ, ಆದರೆ ಬೆನ್ನೂ ಬೆಳ್ಳಗಾಯಿತು. ಆಗ ಕ್ಯಾಲಿಪರ್ ಹಿಡಿದು ಅಳೆದರು. 10 ಮಿ.ಮೀ. ಕಂಬಿ ಹೆಚ್ಚಿನ ಕಡೆ 9.5ರ ಆಸುಪಾಸು, ತಗ್ಗಿನ ಕೆಳಗೆ ಸರಿಯಾಗಿ 8.4. ನೋಡಲು ಒಂದೂವರೆ ಮಿಲಿಮೀಟರು ಹೋಗಿದೆ, ಅಷ್ಟೇ ತಾನೆ ಅನಿಸುತ್ತದೆ. ಬಲ ಇರುವುದು ಅಡ್ಡಕೊಯ್ತದ ವಿಸ್ತೀರ್ಣದಲ್ಲಿ. 0.84ರ ವರ್ಗ ಸುಮಾರು 0.71, ಅಂದರೆ ಕಂಬಿಯ ಶೇ. 29ರಷ್ಟು ಹೋಗಿದೆ. ಕಾಲುಭಾಗದ ಹತ್ತಿರ ಹೋಯಿತೆಂದರೆ ಪಕ್ಕಕ್ಕೆ ಹೊಸ ಕಂಬಿ ಕೊಡುವುದು ರೂಢಿ. ಸವೆದ ತುಂಡಿನ ಎರಡೂ ಬದಿಗೆ, ಗಟ್ಟಿ ಕಂಬಿಯ ಮಗ್ಗುಲಲ್ಲಿ, ವ್ಯಾಸದ ಐವತ್ತು ಪಟ್ಟು, ಅಂದರೆ ಅರ್ಧರ್ಧ ಮೀಟರು ಜೋಡಿಕೆ ಸಿಗುವಂತೆ ಹೊಸ ಟಿ.ಎಂ.ಟಿ. ಕಂಬಿ ಕಟ್ಟಿದರು. ವೆಲ್ಡಿಂಗ್ ಮಾಡಿಬಿಡಿ ಎನ್ನುವ ಸಲಹೆ ಸುಲಭವಾಗಿ ಬರುತ್ತದೆ. ಟಾರ್ ಕಂಬಿಗೆ ಅದು ಸಲ್ಲ. ಅದರ ಬಲ ಬಂದದ್ದೇ ತಣ್ಣಗಿರುವಾಗ ತಿರುಚಿದ್ದರಿಂದ, ಬೆಂಕಿ ತಾಗಿದರೆ ಆ ಬಲ ಇಳಿಯುತ್ತದೆ.

ಶುದ್ಧ ಮಾಡಿದ ಕಂಬಿಗೆ ಅದೇ ದಿನ ಸತುವಿನ ಪ್ರೈಮರ್ ಬಳಿದರು, ಬೆನ್ನು ಸೇರಿ. ಕರಾವಳಿಯ ಗಾಳಿಯಲ್ಲಿ ರಾತ್ರಿ ಬಿಟ್ಟರೆ ಬೆಳಿಗ್ಗೆಗೆ ಮತ್ತೆ ಕೆಂಪು. ಮನೆಯಲ್ಲಿ ಉಳಿದ ಇನಾಮಲ್ ಪೇಂಟ್ ಬಳಿಯುವವರನ್ನು ಕಂಡಿದ್ದೇನೆ. ಗಾರೆ ಅದಕ್ಕೆ ಹಿಡಿಯುವುದೇ ಇಲ್ಲ.

ಮುಂದಿನದು ಹೊಸದನ್ನು ಹಳೆಯದಕ್ಕೆ ಅಂಟಿಸುವ ಕೆಲಸ. ಹಳೆಯ ಕಾಂಕ್ರೀಟನ್ನು ಹಿಂದಿನ ರಾತ್ರಿಯೇ ನೀರು ಕುಡಿಸಿ, ಬೆಳಿಗ್ಗೆ ಮೇಲ್ಮೈ ಹನಿಯಿಲ್ಲದಂತೆ ಆರಿದ ಮೇಲೆ, ಪಾಲಿಮರ್ ಬೆರೆತ ಸಿಮೆಂಟ್ ಹಾಲನ್ನು ಬ್ರಶ್ಶಿನಿಂದ ತಿಕ್ಕಿ ಹಚ್ಚಿದರು. ಅದು ಹಸಿಯಿರುವಾಗಲೇ ಗಾರೆ ಬೀಳಬೇಕು. ಒಂದು ಪಟ್ಟೆಯಲ್ಲಿ ಊಟದ ಹೊತ್ತು ಅಡ್ಡ ಬಂದು ಹಾಲು ಒಣಗಿ ಬೆಳ್ಳಗಾಯಿತು. ಮೇಸ್ತ್ರಿ ಮಾತಾಡದೆ ಕೆರೆದು ತೆಗೆದು ಮತ್ತೆ ಹಚ್ಚಿದರು. ಒಣಗಿದ ಅಂಟು ಅಂಟಲ್ಲ, ಬಿಡಿಸುವ ಪದರ. ನಮ್ಮ ಕಡೆ ಅರ್ಧಕ್ಕರ್ಧ ತೇಪೆಗಳು ಬೀಳುವುದು ಇಷ್ಟಕ್ಕೇ ಎಂದು ನನ್ನ ಅನುಮಾನ.

ಗಾರೆ ಚೀಲದಲ್ಲಿ ಬರುವ ಪಾಲಿಮರ್ ಗಾರೆ, ನೀರು ಅಳೆದೇ ಹಾಕುವಂಥದ್ದು. ಮೊದಲು ಕೈಗವಸು ಹಾಕಿದ ಹೆಬ್ಬೆರಳಿನಿಂದ ಕಂಬಿಯ ಹಿಂದಕ್ಕೆ ತುರುಕಿದರು, ಅಲ್ಲಿ ಪೊಳ್ಳು ಉಳಿದರೆ ಮಾಡಿದ್ದೆಲ್ಲ ವ್ಯರ್ಥ. ಆಮೇಲೆ 12 ಮಿ.ಮೀ.ಗಿಂತ ದಪ್ಪವಾಗದ ಪದರಗಳು. ತಲೆಯ ಮೇಲಿನ ಕೆಲಸದಲ್ಲಿ ದಪ್ಪ ಹಚ್ಚಿದರೆ ತನ್ನ ಭಾರಕ್ಕೆ ತಾನೇ ಕೂದಲೆಳೆಯಷ್ಟು ಜಗ್ಗುತ್ತದೆ, ಹೊರಗೆ ಕಾಣುವುದಿಲ್ಲ. ಎರಡಿಂಚಿಗಿಂತ ಆಳವಿದ್ದ ಒಂದು ಕಡೆ ಮಾತ್ರ ಕೆಳಗೆ ಹಲಗೆ ಕಟ್ಟಿ, ಸ್ಲ್ಯಾಬಿಗೆ ಮೇಲಿನಿಂದ ತೂತು ಕೊರೆದು, ತೆಳುವಾಗಿ ಹರಿಯುವ ಮೈಕ್ರೋ ಕಾಂಕ್ರೀಟು ಸುರಿದರು. ಕ್ಯೂರಿಂಗ್ ಎಂದರೆ ಏಳು ದಿನ ನೀರು ಎರಚುವುದು ಎಂಬ ಅಭ್ಯಾಸ ಇಲ್ಲಿ ಪೂರ್ತಿ ಸರಿಯಲ್ಲ. ಪಾಲಿಮರ್ ಗಾರೆ ಮೊದಲ ದಿನ ಒದ್ದೆಯಾಗಿದ್ದು ಆಮೇಲೆ ಗಾಳಿಗೆ ಆರಬೇಕು, ಮೈಕ್ರೋ ಕಾಂಕ್ರೀಟಿಗೆ ವಾರ ಪೂರ್ತಿ ಪಸೆ ಬೇಕು. ಚೀಲದ ಮೇಲೆ ಬರೆದದ್ದನ್ನು ಓದುವುದೊಂದೇ ದಾರಿ.

ಇಷ್ಟೆಲ್ಲ ನಡೆದದ್ದು ಊಟದ ಕೋಣೆಯಲ್ಲಿ. ಪಶ್ಚಿಮದ ಮಲಗುವ ಕೋಣೆಗೆ ಬಂದರೆ ಲೆಕ್ಕವೇ ಬೇರೆ. ಅಲ್ಲಿ ಫಿನಾಲ್ಫ್ಥಲೀನ್ ಕಂಬಿಯ ಹತ್ತಿರವೇ ಕಡುಗುಲಾಬಿ ಬಂತು, ಆದರೂ ಕಂಬಿಯಲ್ಲಿ ಆಳವಾದ ಕಪ್ಪು ಕುಳಿಗಳು. ಕ್ಷಾರವಿದ್ದೂ ತುಕ್ಕೆಂದರೆ ಉಪ್ಪು. ಕ್ಲೋರೈಡು ಪೊರೆಯನ್ನು ಅಲ್ಲಲ್ಲಿ ಚುಚ್ಚುತ್ತದೆ. ಕೊರೆದ ಪುಡಿಯನ್ನು ಪರೀಕ್ಷೆಗೆ ಕಳಿಸಿದಾಗ, ಐ.ಎಸ್. 456 ಒಪ್ಪುವ ಘನಮೀಟರಿಗೆ 0.6 ಕೆ.ಜಿ. ಮಿತಿಯ ಎರಡು ಪಟ್ಟಿಗೂ ಹೆಚ್ಚು ಬಂದಿತ್ತು. ಕಡಲ ಗಾಳಿಯಿಂದಲೋ, ಕಟ್ಟುವಾಗ ಬಳಸಿದ ಉಪ್ಪುಹೊಳೆಯ ಹೊಯ್ಗೆಯಿಂದಲೋ? "ಹೊಳೆಯದ್ದೇ ಹೊಯ್ಗೆ. ದೋಣಿಯಲ್ಲಿ ಬರ್ತಿತ್ತು, ಎಲ್ಲರೂ ಅದನ್ನೇ ಹಾಕ್ತಿದ್ದದ್ದು," ಎಂದರು ಟೀಚರ್. ಕಂಬಿಯ ಹಿಂದಿನ ಪುಡಿಯಲ್ಲೂ ಹೊರಮೈಯಷ್ಟೇ ಉಪ್ಪಿದ್ದದ್ದು ಅವರ ಮಾತಿಗೆ ಸಾಕ್ಷಿ. ಗಾಳಿಯಿಂದ ಬಂದದ್ದಾದರೆ ಒಳಕ್ಕೆ ಹೋದಂತೆ ಕಡಿಮೆಯಾಗಬೇಕಿತ್ತು.

ಉಪ್ಪಿರುವಲ್ಲಿ ತೇಪೆ ಹಾಕಿದರೆ ಒಂದು ವಿಚಿತ್ರ ನಡೆಯುತ್ತದೆ. ತುಕ್ಕು ಹಿಡಿಯುತ್ತಿದ್ದ ತುಂಡು ವಿದ್ಯುತ್ ರಾಸಾಯನಿಕವಾಗಿ ತಾನು ಕರಗುತ್ತ ಪಕ್ಕದ ಉಕ್ಕನ್ನು ಕಾಯುತ್ತಿರುತ್ತದೆ. ಅದನ್ನು ಶುದ್ಧ ಮಾಡಿ ಹೊಸ ಗಾರೆಯೊಳಗೆ ಸುರಕ್ಷಿತವಾಗಿಟ್ಟ ಕೂಡಲೇ ಕರಗುವ ಸರದಿ ಪಕ್ಕದ್ದಕ್ಕೆ ಬರುತ್ತದೆ, ಅಲ್ಲೂ ಉಪ್ಪು ತುಂಬಿದೆಯಲ್ಲ. ಕೆಲವೇ ವರ್ಷಗಳಲ್ಲಿ ತೇಪೆ ಚೆನ್ನಾಗಿಯೇ ಇದ್ದು, ಅದರ ಸುತ್ತಲೂ ಉಂಗುರದಂತೆ ಕಾಂಕ್ರೀಟು ಉದುರುತ್ತದೆ. ಇದಕ್ಕಾಗಿ ತೇಪೆಯ ಒಳ ಅಂಚಿನಲ್ಲಿ ಎರಡೆರಡು ಅಡಿಗೆ ಒಂದರಂತೆ ಸತುವಿನ ಪುಟ್ಟ ಆನೋಡುಗಳನ್ನು ಕಂಬಿಗೆ ಕಟ್ಟಿದರು. ಇನ್ನು ಮುಂದೆ ಕರಗುವುದು ಸತು. ಅದು ಕೆಲಸ ಮಾಡಬೇಕಾದರೆ ತಂತಿ ಬರಿ ಉಕ್ಕಿಗೆ ತಾಗಿರಬೇಕು, ನಡುವೆ ಪ್ರೈಮರ್ ಇರಬಾರದು. ಮಲ್ಟಿಮೀಟರಿನಿಂದ ಒಂದೊಂದನ್ನೂ ನೋಡಿದರು. ಎಪಾಕ್ಸಿ ಗಾರೆಯೂ ಅಲ್ಲಿ ಬೇಡ, ಅದರಲ್ಲಿ ವಿದ್ಯುತ್ತು ಹರಿಯುವುದಿಲ್ಲ. ಸತು ಮುಗಿದ ಮೇಲೆ ಕಾವಲೂ ಮುಗಿಯುತ್ತದೆ ಎಂದು ಎಂಜಿನಿಯರ್ ಮುಚ್ಚುಮರೆಯಿಲ್ಲದೆ ಹೇಳಿದರು.

ಆ ಕೋಣೆಯ ಕಿಟಕಿಯ ಮೇಲಿನ ಸಜ್ಜೆಯನ್ನು ಮಾತ್ರ ಅವರು ಮುಟ್ಟಲಿಲ್ಲ. ಅದರ ಅಡಿಯಲ್ಲಿ ಉದುರಿದ್ದು ಕಡಿಮೆಯೇ. ಟೀಚರ್ ಅದನ್ನೂ ತೇಪೆ ಹಾಕಿ ಎಂದರು. ಎಂಜಿನಿಯರ್ ಏಣಿಯಲ್ಲಿ ನಿಂತು ಸಜ್ಜೆಯ ಮೇಲ್ಮೈಯಲ್ಲಿ, ಗೋಡೆಗೆ ಸೇರುವ ಬುಡದಲ್ಲಿ, ಉದ್ದಕ್ಕೂ ಇದ್ದ ಬಿರುಕನ್ನೂ ಅದರಿಂದ ಇಳಿದ ಕಂದು ಕಲೆಯನ್ನೂ ತೋರಿಸಿದರು. ಗೋಡೆಯಿಂದ ಹೊರಚಾಚಿದ ಸಜ್ಜೆಯಲ್ಲಿ ಭಾರ ಹೊರುವ ಕಂಬಿ ಇರುವುದು ಮೇಲ್ಭಾಗದಲ್ಲಿ, ಕೋಣೆಯ ಸ್ಲ್ಯಾಬಿಗೆ ತೀರ ಉಲ್ಟಾ. ಮಳೆನೀರು ನಿಲ್ಲುವುದೂ ಅಲ್ಲೇ. ಅಡಿಯಲ್ಲಿ ಎಷ್ಟು ಚೆಂದ ತೇಪೆ ಹಾಕಿದರೂ ಅದು ಸಜ್ಜೆಗೆ ಇನ್ನಷ್ಟು ಭಾರ, ಅಷ್ಟೇ. ಬಿರುಕಿನಲ್ಲಿ ಒಂದು ಕಡೆ ಕೆತ್ತಿ ನೋಡಿದಾಗ 8 ಮಿ.ಮೀ. ಕಂಬಿಯ ಜಾಗದಲ್ಲಿ ಪದರ ಪದರವಾದ ತುಕ್ಕು ಸಿಕ್ಕಿತು, ಉಳಿದ ಉಕ್ಕು ಕಡ್ಡಿಯಷ್ಟು. ಕೆಳಗೆ ಪ್ರಾಪ್ ಕೊಟ್ಟು, ಯಾರೂ ನಡೆಯದಂತೆ ಹಗ್ಗ ಕಟ್ಟಿ, ತುದಿಯಿಂದ ತುಂಡು ತುಂಡಾಗಿ ಕೊಯ್ದು ಇಳಿಸುವುದೆಂದು ತೀರ್ಮಾನವಾಯಿತು. ಆ ಜಾಗಕ್ಕೆ ತಗಡಿನ ಹಗುರ ಮಾಡು ಸಾಕು.

ಟೀಚರ್ ಕೊನೆಗೆ ಕೇಳಿದ್ದು ಗ್ಯಾರಂಟಿಯ ಮಾತು. ಊಟದ ಕೋಣೆಗೆ, ತಾರಸಿಯಲ್ಲಿ ನೀರು ನಿಲ್ಲದಿದ್ದರೆ, ಧೈರ್ಯವಾಗಿ ಹೇಳಬಹುದು ಎಂದರು ಎಂಜಿನಿಯರ್. ಉಪ್ಪಿರುವ ಕೋಣೆಗೆ ಹೇಳಲಾರೆ. ಸೂರಿಗೆ ಉಸಿರಾಡುವ ಬಣ್ಣವನ್ನೇ ಬಳಿಯಬೇಕು, ಗಾಳಿಯಾಡದ ಆಯಿಲ್ ಪೇಂಟ್ ಬೇಡ, ಮೇಲಿನಿಂದ ಇಳಿದ ತೇವ ಅದರ ಹಿಂದೆ ಸಿಕ್ಕಿಕೊಳ್ಳುತ್ತದೆ. ಪ್ರತಿ ದೀಪಾವಳಿಗೆ, ಮಳೆ ನಿಂತ ಮೇಲೆ, ಮೇಸ್ತ್ರಿಯ ಸುತ್ತಿಗೆಯಂಥದ್ದೇ ಒಂದರಿಂದ ತಟ್ಟಿ ನೋಡಿ ಎಂದರು. ತೇಪೆಯ ಮೇಲೆ ತಟ್ಟುವುದಕ್ಕಿಂತ ಅದರ ಅಂಚಿನಿಂದ ಹೊರಗೆ, ಸುತ್ತಲೂ ಒಂದಡಿ ಅಗಲಕ್ಕೆ.